ಹದಿನಾರು ಪದ, ನಾಲ್ಕು ಮನೆ, ಒಂದೇ ಉತ್ತರ

2023ರ ಜೂನ್ 12ರಂದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ತನ್ನ ಆಟಗಳ ಪುಟಕ್ಕೆ ‘ಕನೆಕ್ಷನ್ಸ್’ ಎಂಬ ಹೊಸ ಒಗಟನ್ನು ಪ್ರಯೋಗಕ್ಕೆಂದು ಸೇರಿಸಿತು. ಚೌಕದಲ್ಲಿ ಹದಿನಾರು ಪದಗಳು. ಅವುಗಳಲ್ಲಿ ನಾಲ್ಕು ಗುಂಪು, ಗುಂಪಿಗೆ ನಾಲ್ಕು ಪದ. ಗುಂಪುಗಳ ಹೆಸರು ಹೇಳುವುದಿಲ್ಲ, ಆಡುವವರೇ ಕಂಡುಹಿಡಿಯಬೇಕು. ಅಮೆರಿಕದವರಿಗೆ ಇದು ಹೊಸದಾಗಿ ಕಂಡಿತು. ಬ್ರಿಟನ್ನಿನವರು ಮಾತ್ರ ಹುಬ್ಬೇರಿಸಿದರು. ಅಲ್ಲಿನ ಟಿವಿ ನಿರೂಪಕಿ ವಿಕ್ಟೋರಿಯಾ ಕೋರೆನ್ ಮಿಚೆಲ್, ಇದು ನಮ್ಮ ದೇಶದಲ್ಲಿ 2008ರಿಂದ ನಡೆಯುತ್ತಿರುವ ಕಾರ್ಯಕ್ರಮ ಎಂಬುದು ನಿಮಗೆ ಗೊತ್ತೇ ಎಂದು ಸಾಮಾಜಿಕ ಜಾಲತಾಣದಲ್ಲಿ ಕೇಳಿಯೇಬಿಟ್ಟರು.

ಅವರು ಹೇಳಿದ್ದು ‘ಓನ್ಲಿ ಕನೆಕ್ಟ್’ ಎಂಬ ಕ್ವಿಜ್ ಬಗ್ಗೆ. ಅದು 2008ರ ಸೆಪ್ಟೆಂಬರಿನಲ್ಲಿ ಬಿಬಿಸಿ ಫೋರ್ ವಾಹಿನಿಯಲ್ಲಿ ಆರಂಭವಾಯಿತು, 2014ರಲ್ಲಿ ಬಿಬಿಸಿ ಟೂ ವಾಹಿನಿಗೆ ಹೋಯಿತು. ಇ.ಎಂ. ಫಾರ್ಸ್ಟರ್ ಅವರ ‘ಹೋವರ್ಡ್ಸ್ ಎಂಡ್’ ಕಾದಂಬರಿಯ ಆರಂಭದಲ್ಲಿರುವ ಸೂಕ್ತಿಯಿಂದ ಹೆಸರು ಬಂತು. ಕ್ವಿಜ್‌ನ ಗತ್ತೂ ಹಾಗೆಯೇ ಇತ್ತು. ಮೊದಮೊದಲು ಪ್ರಶ್ನೆಗಳಿಗೆ ಒಂದು, ಎರಡು ಎಂಬ ಸಂಖ್ಯೆಯ ಬದಲು ಗ್ರೀಕ್ ಅಕ್ಷರಗಳನ್ನು ಕೊಡುತ್ತಿದ್ದರು. ಇದು ತೀರಾ ಪಾಂಡಿತ್ಯ ಪ್ರದರ್ಶನ ಎಂಬ ಮಾತು ಬಂದಾಗ ಗ್ರೀಕ್ ಬಿಟ್ಟು ಪ್ರಾಚೀನ ಈಜಿಪ್ಟಿನ ಚಿತ್ರಲಿಪಿ ಹಿಡಿದರು!

ಆ ಕ್ವಿಜ್‌ನ ಮೂರನೇ ಸುತ್ತಿನ ಹೆಸರು ‘ಕನೆಕ್ಟಿಂಗ್ ವಾಲ್’, ಅಂದರೆ ಜೋಡಿಸುವ ಗೋಡೆ. ಮೂವರ ತಂಡದ ಮುಂದೆ ಹದಿನಾರು ಇಟ್ಟಿಗೆಗಳು, ಒಂದೊಂದರ ಮೇಲೂ ಒಂದು ಪದ. ಸಮಯ ಎರಡೂವರೆ ನಿಮಿಷ. ನಾಲ್ಕು ಪದ ಮುಟ್ಟಿದೊಡನೆ ಸರಿಯೋ ತಪ್ಪೋ ತಿಳಿಯುತ್ತದೆ. ಸರಿಯಾದರೆ ಆ ಗುಂಪು ಬಣ್ಣ ಬದಲಿಸಿ ಮೇಲಿನ ಸಾಲಿಗೆ ಏರುತ್ತದೆ. ತಪ್ಪಾದರೆ ಶಿಕ್ಷೆ ಏನೂ ಇಲ್ಲ, ಇನ್ನೊಮ್ಮೆ ಮುಟ್ಟಬಹುದು. ಎರಡು ಗುಂಪು ಸಿಕ್ಕಿದ ಮೇಲಷ್ಟೇ ಕಡಿವಾಣ. ಉಳಿದ ಎಂಟು ಪದಗಳನ್ನು ಬೇರ್ಪಡಿಸಲು ಮೂರೇ ಅವಕಾಶ. ಗುಂಪಿಗೊಂದು ಅಂಕ, ಗುಂಪಿನ ಸಂಬಂಧವನ್ನು ಹೇಳಿದ್ದಕ್ಕೆ ಮತ್ತೊಂದು, ಎಲ್ಲವೂ ಸರಿಯಾದರೆ ಎರಡು ಹೆಚ್ಚುವರಿ. ಒಟ್ಟು ಹತ್ತು.

ಕಡಿವಾಣವನ್ನು ಅಲ್ಲಿ ಹಾಕಿದ್ದಕ್ಕೆ ಕಾರಣವಿದೆ. ಹದಿನಾರು ಪದಗಳಿಂದ ನಾಲ್ಕನ್ನು ಆರಿಸಲು 1,820 ದಾರಿಗಳಿವೆ. ಎಲ್ಲವನ್ನೂ ನಾಲ್ಕು ಗುಂಪು ಮಾಡುವ ದಾರಿಗಳು 26,27,625. ಎರಡೂವರೆ ನಿಮಿಷದಲ್ಲಿ ಕುರುಡಾಗಿ ಮುಟ್ಟುತ್ತಾ ಹೋದವರಿಗೆ ಏನೂ ದಕ್ಕುವುದಿಲ್ಲ. ಆದರೆ ಎಂಟೇ ಪದ ಉಳಿದಾಗ ಅವನ್ನು ಎರಡು ಗುಂಪು ಮಾಡುವ ದಾರಿ ಬರೀ 35. ಕೈಚಳಕ ಇದ್ದವರು ಯೋಚಿಸದೆಯೇ ಮುಟ್ಟಿ ಮುಟ್ಟಿ ಮುಗಿಸಿಬಿಡಬಹುದು. ಅದನ್ನು ತಡೆಯಲು ಮೂರರ ಮಿತಿ.

ಟಿವಿಯಲ್ಲಿ ಆಟದ ರೋಚಕತೆಯೆಲ್ಲ ಗಡಿಯಾರದ್ದು. ಒಂದು ಗುಂಪಿಗೆ ಐದು ಪದ ಹೊಂದುವಂತಿದ್ದರೆ ಒಂದೊಂದನ್ನೇ ಬಿಟ್ಟು ಐದು ಸಲ ಮುಟ್ಟಿದರೆ ಮುಗಿಯಿತು, ನಷ್ಟವಾಗುವುದು ಕೆಲವು ಸೆಕೆಂಡು. ಪತ್ರಿಕೆಯ ಆಟದಲ್ಲಿ ಗಡಿಯಾರವನ್ನೇ ತೆಗೆದರು. ಬೆಳಿಗ್ಗೆ ಕಾಫಿ ಹೊತ್ತಿಗೆ ಶುರು ಮಾಡಿ ರಾತ್ರಿ ಮಲಗುವ ಮುನ್ನ ಮುಗಿಸಬಹುದು. ಬದಲಿಗೆ ಮೊದಲ ಹೆಜ್ಜೆಯಿಂದಲೇ ತಪ್ಪುಗಳನ್ನು ಎಣಿಸತೊಡಗಿದರು. ನಾಲ್ಕನೇ ತಪ್ಪಿಗೆ ಆಟ ಮುಗಿಯಿತು. ಹೊರಗಿನಿಂದ ನೋಡಿದರೆ ಸಣ್ಣ ಬದಲಾವಣೆ. ಆದರೆ ನನ್ನ ಪ್ರಕಾರ ಇವೆರಡು ಬೇರೆಬೇರೆ ಆಟಗಳಾದದ್ದು ಇಲ್ಲಿಯೇ. ಬ್ರಿಟನ್ನಿನ ಗೋಡೆಯ ಮುಂದೆ ಮೊದಲು ಮುಟ್ಟಿ ಆಮೇಲೆ ಯೋಚಿಸಬಹುದು. ನ್ಯೂಯಾರ್ಕಿನ ಚೌಕದ ಮುಂದೆ ಹದಿನಾರೂ ಪದಗಳನ್ನು ಮನಸ್ಸಿನಲ್ಲೇ ಹಂಚಿ ಮುಗಿಸುವವರೆಗೆ ಬೆರಳು ಎತ್ತಬಾರದು.

ಪತ್ರಿಕೆ ಇನ್ನೊಂದು ಕೊಂಡಿಯನ್ನೂ ಸೇರಿಸಿತು. ಆರಿಸಿದ ನಾಲ್ಕರಲ್ಲಿ ಮೂರು ಸರಿಯಿದ್ದರೆ ‘ಒಂದೇ ಕಡಿಮೆ’ ಎಂಬರ್ಥದ ಸೂಚನೆ ಬರುತ್ತದೆ. ದೊಡ್ಡ ಉಪಕಾರದಂತೆ ಕಂಡರೂ ಲೆಕ್ಕ ಹಾಕಿ ನೋಡಿ. ನಾಲ್ಕರಲ್ಲಿ ಯಾವುದನ್ನು ಬಿಡಬೇಕು ಎಂಬುದು ಗೊತ್ತಿಲ್ಲ, ಹೊರಗಿರುವ ಹನ್ನೆರಡರಲ್ಲಿ ಯಾವುದನ್ನು ತರಬೇಕು ಎಂಬುದೂ ಗೊತ್ತಿಲ್ಲ. ಅಂದರೆ 48 ಸಾಧ್ಯತೆ. ಆ ಸೂಚನೆ ಕಂಡು ಉತ್ಸಾಹದಲ್ಲಿ ಒಂದನ್ನು ಬದಲಿಸಿ ಮತ್ತೆ ಒತ್ತುವವರು ಬಹುಮಟ್ಟಿಗೆ ಎರಡನೇ ತಪ್ಪನ್ನೂ ಮಾಡುತ್ತಾರೆ.

ಈ ಚೌಕಗಳನ್ನು ಮೊದಲಿನಿಂದ ಕಟ್ಟಿದವರು ವೈನಾ ಲಿಯು. 2020ರಲ್ಲಿ ಪತ್ರಿಕೆಯ ಒಗಟು ವಿಭಾಗ ಸೇರಿದ ಅವರು ಮೂಲತಃ ಪದಬಂಧ ರಚಿಸುವವರು. ಸುಲಭವಾದ ಗುಂಪಿಗೆ ಹಳದಿ, ಆಮೇಲೆ ಹಸಿರು, ನೀಲಿ, ಎಲ್ಲಕ್ಕಿಂತ ಕಷ್ಟದ್ದಕ್ಕೆ ನೇರಳೆ. ನೇರಳೆಯಲ್ಲಿ ಪದದ ಅರ್ಥಕ್ಕಿಂತ ಅದರ ಅಕ್ಷರ, ಉಚ್ಚಾರ ಅಥವಾ ಬಿಟ್ಟುಹೋದ ಜೊತೆಪದದ ಆಟವೇ ಹೆಚ್ಚು.

ಮೊದಲ ದಿನದ ಚೌಕ ಇಂದಿನವುಗಳಿಗೆ ಹೋಲಿಸಿದರೆ ಸೌಮ್ಯ. ಹೇಲ್, ರೇನ್, ಸ್ಲೀಟ್, ಸ್ನೋ ಎಂಬ ಆಕಾಶದಿಂದ ಬೀಳುವವು ಒಂದು ಗುಂಪು. ಆಪ್ಷನ್, ರಿಟರ್ನ್, ಶಿಫ್ಟ್, ಟ್ಯಾಬ್ ಎಂಬ ಕೀಲಿಮಣೆಯ ಗುಂಡಿಗಳು ಇನ್ನೊಂದು. ಬಕ್ಸ್, ಹೀಟ್, ಜಾಝ್, ನೆಟ್ಸ್ ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಂಡಗಳು. ಕಯಾಕ್, ಲೆವೆಲ್, ಮಾಮ್, ರೇಸ್‌ಕಾರ್ ಇವು ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ‘ವಿಕಟಕವಿ’ಯ ಹಾಗೆ ಹಿಂದುಮುಂದಾಗಿ ಓದಿದರೂ ಬದಲಾಗದವು. ಗಾಳ ಇರುವುದು ‘ಹೀಟ್’ನಲ್ಲಿ. ಬಿಸಿಲ ಧಗೆ ಎಂದುಕೊಂಡು ಅದನ್ನು ಹವಾಮಾನದ ಗುಂಪಿಗೆ ಎಳೆದರೆ ಮಳೆ, ಹಿಮಗಳಲ್ಲಿ ಒಂದು ಹೊರಗುಳಿಯುತ್ತದೆ, ಅದಕ್ಕೆ ಬೇರೆ ಎಲ್ಲೂ ಜಾಗವಿಲ್ಲ. ಆದರೆ ಆ ತಂಡಗಳ ಹೆಸರು ಕೇಳದ ನಮ್ಮಂಥವರಿಗೆ ಗಾಳಕ್ಕಿಂತ ಮುಂಚೆ ಅಜ್ಞಾನವೇ ಅಡ್ಡಬರುತ್ತದೆ. ಈ ಆಟದ ನಿಜವಾದ ಮಿತಿ ಇದು. ಊರು ಬದಲಾದರೆ ಹಳದಿ ಗುಂಪೂ ನೇರಳೆಯಾಗುತ್ತದೆ.

ಹಾಗಾಗಿ ಒಳಗಿನ ಕೆಲಸವನ್ನು ಕನ್ನಡದ ಪದಗಳಲ್ಲೇ ನೋಡುವುದು ಒಳ್ಳೆಯದು. ಈ ಲೇಖನಕ್ಕೆಂದೇ ಕಟ್ಟಿದ ಚೌಕ ಇಲ್ಲಿದೆ. ಮುಂದೆ ಓದುವ ಮೊದಲು ಒಮ್ಮೆ ಪ್ರಯತ್ನಿಸಿ.

ಕರಿ – ಅಡಿ – ಏಳು – ತುರಿ
ಇಭ – ಆರು – ಗಜ – ಕುಟ್ಟು
ಅರೆ – ಮೊಳ – ದಂತಿ – ಹತ್ತು
ಗೇಣು – ಹುರಿ – ಹಸ್ತಿ – ಅಂಗುಲ

ಮೊದಲು ಕಣ್ಣಿಗೆ ಬೀಳುವುದು ಆನೆ. ಇಭ, ದಂತಿ, ಹಸ್ತಿ, ಗಜ, ಕರಿ ಐದೂ ಆನೆಯ ಹೆಸರುಗಳೇ, ಬೇಕಾದದ್ದು ನಾಲ್ಕು. ಉದ್ದದ ಅಳತೆಯಲ್ಲೂ ಅಷ್ಟೇ. ಅಡಿ, ಮೊಳ, ಗೇಣು, ಅಂಗುಲದ ಜೊತೆಗೆ ಗಜ. ಅಡುಗೆಮನೆಯ ಕೆಲಸದಲ್ಲೂ ಐದು. ತುರಿ, ಹುರಿ, ಕುಟ್ಟು, ಅರೆ, ಮತ್ತೆ ಎಣ್ಣೆಯಲ್ಲಿ ಕರಿ. ಸಂಖ್ಯೆಗಳು ಮಾತ್ರ ಮೂರೇ: ಆರು, ಏಳು, ಹತ್ತು. ಇವೂ ಸುಮ್ಮನಿಲ್ಲ. ಬಿಸಿ ಹಾಲು ಆರಲಿ ಎನ್ನುತ್ತೇವೆ, ಮಲಗಿದವನಿಗೆ ಏಳು ಎನ್ನುತ್ತೇವೆ, ಬಸ್ ಹತ್ತು ಎನ್ನುತ್ತೇವೆ. ಕ್ರಿಯಾಪದಗಳ ಗುಂಪೊಂದು ಇದೆಯೇನೋ ಎಂಬ ಭ್ರಮೆ ಹುಟ್ಟುತ್ತದೆ.

ಆತುರದವರು ಇಭ, ದಂತಿ, ಹಸ್ತಿ, ಕರಿ ಎಂದು ಒತ್ತುತ್ತಾರೆ ಎನ್ನಿ. ಒತ್ತುವ ಮೊದಲು ಮುಂದಿನ ಮೆಟ್ಟಿಲು ನೋಡಿದ್ದರೆ ತಪ್ಪು ಅಲ್ಲೇ ಕಾಣುತ್ತಿತ್ತು. ಕರಿ ಆನೆಗಳ ಕಡೆ ಹೋದರೆ ಅಡುಗೆಮನೆಗೆ ತುರಿ, ಹುರಿ, ಕುಟ್ಟು, ಅರೆ. ಆಗ ಗಜ ಅಳತೆಗೆ ಬಂದು ಅಲ್ಲಿ ಐದಾಗುತ್ತದೆ, ಸಂಖ್ಯೆಗಳು ಮೂರಕ್ಕೇ ನಿಲ್ಲುತ್ತವೆ. ಅಳತೆಯ ಐದರಲ್ಲಿ ಯಾವುದೂ ಸಂಖ್ಯೆಯಲ್ಲ. ಒಂದು ಕಡೆ ಐದು, ಇನ್ನೊಂದು ಕಡೆ ಮೂರು ಎಂದರೆ ಎಲ್ಲೋ ಎಡವಿದ್ದೇವೆ ಎಂದೇ ಅರ್ಥ.

ಬಿಡಿಸುವ ದಾರಿ ಇರುವುದು ತುಂಬಿ ತುಳುಕುವ ಗುಂಪಿನಲ್ಲಿ ಅಲ್ಲ, ಕೊರತೆಯ ಗುಂಪಿನಲ್ಲಿ. ಸಂಖ್ಯೆಗಳಿಗೆ ನಾಲ್ಕನೆಯದು ಬೇಕು. ಉಳಿದ ಹದಿಮೂರರಲ್ಲಿ ಸಂಖ್ಯೆಯಾಗಬಲ್ಲದ್ದು ‘ಅರೆ’ ಒಂದೇ, ಅರೆಬೆಂದ ಅನ್ನದಲ್ಲಿರುವ ಅರೆ, ಅಂದರೆ ಅರ್ಧ. ಅದು ಹೊರಟರೆ ಅಡುಗೆಮನೆ ಕರಿಯನ್ನು ಬಿಟ್ಟುಕೊಡುವುದಿಲ್ಲ. ಕರಿ ಹೋದರೆ ಆನೆಗಳು ಗಜವನ್ನು ಬಿಡುವುದಿಲ್ಲ. ಗಜ ಹೋದರೆ ಅಳತೆಗಳು ನಾಲ್ಕಕ್ಕೆ ನಿಲ್ಲುತ್ತವೆ. ಒಂದು ಪದ ಕದಲಿದರೆ ಇಡೀ ಚೌಕ ತಾನಾಗಿ ಕೂರುತ್ತದೆ.

ಕಟ್ಟುವವರ ಕಷ್ಟ ಇದರ ಇನ್ನೊಂದು ಮುಖ. ‘ಕುಟ್ಟು’ ಇರುವ ಜಾಗದಲ್ಲಿ ‘ಹೆಚ್ಚು’ ಇಟ್ಟು ನೋಡಿ. ತರಕಾರಿ ಹೆಚ್ಚುವುದೂ ಅಡುಗೆಮನೆಯ ಕೆಲಸವೇ, ಪದವೂ ಸೊಗಸಾಗಿ ಎರಡರ್ಥದ್ದು. ಆದರೆ ಚೌಕ ಕೆಟ್ಟಿತು. ಆರು, ಏಳು, ಹತ್ತು, ಹೆಚ್ಚು ಇವು ‘ಎಷ್ಟು’ ಎಂಬ ಪ್ರಶ್ನೆಗೆ ಉತ್ತರಗಳು ಎಂದು ಒಬ್ಬರು ವಾದಿಸಬಹುದು. ಆಗ ಅರೆ ಅಡುಗೆಮನೆಯಲ್ಲೇ ಉಳಿಯುತ್ತದೆ, ಮಿಕ್ಕ ಎರಡು ಗುಂಪು ಹಾಗೆಯೇ ನಿಲ್ಲುತ್ತವೆ, ಎಲ್ಲವೂ ನಾಲ್ಕು ನಾಲ್ಕು. ಎರಡು ಉತ್ತರ ಇರುವ ಚೌಕದಲ್ಲಿ ಸೋತವರಿಗೆ ಮೋಸ ಹೋದೆವು ಅನಿಸುತ್ತದೆ, ಅದು ನ್ಯಾಯವೂ ಹೌದು. ಒಂದು ಪದ ಎರಡು ಗುಂಪಿಗೆ ಹೊಂದಿದರೆ ಗಾಳ. ಇಡೀ ಹಂಚಿಕೆಯೇ ಎರಡು ಬಗೆಯಲ್ಲಿ ಕೂತರೆ ಅದು ರಚನೆಯ ದೋಷ. ಈ ದೋಷ ಕಟ್ಟಿದವರ ಕಣ್ಣಿಗೆ ಸಾಮಾನ್ಯವಾಗಿ ಬೀಳುವುದಿಲ್ಲ, ಏಕೆಂದರೆ ಗುಂಪುಗಳ ಹೆಸರು ಅವರಿಗೆ ಮೊದಲೇ ಗೊತ್ತು. ಹೆಸರು ಗೊತ್ತಿಲ್ಲದವರೇ ಪರೀಕ್ಷೆ ಮಾಡಬೇಕು.

2023ರ ಆಗಸ್ಟ್ ಹೊತ್ತಿಗೆ ಪತ್ರಿಕೆ ಈ ಪ್ರಯೋಗವನ್ನು ಕಾಯಂ ಮಾಡಿತು. ‘ವರ್ಡಲ್’ ಬಿಟ್ಟರೆ ಅಲ್ಲಿ ಅತಿ ಹೆಚ್ಚು ಜನ ಆಡುವ ಆಟ ಇದೇ ಆಯಿತು. ಬಣ್ಣದ ಚೌಕಗಳ ಸಾಲುಗಳನ್ನು ಗೆಳೆಯರಿಗೆ ಕಳಿಸುವ ಪದ್ಧತಿ ‘ವರ್ಡಲ್’ನಿಂದಲೇ ಬಂದದ್ದು. ಉತ್ತರ ಬಯಲಾಗದೆ ಯಾರು ಎಲ್ಲಿ ಎಡವಿದರು ಎಂಬುದು ತಿಳಿಯುತ್ತದೆ.

ಕನ್ನಡದಲ್ಲಿ ಕಟ್ಟುವವರಿಗೆ ಸಾಮಗ್ರಿಯ ಬರವಿಲ್ಲ. ‘ಅಮರಕೋಶ’ದಲ್ಲಿ ನಾನಾರ್ಥ ಪದಗಳಿಗೇ ಒಂದು ವರ್ಗವಿದೆ. ಅಚ್ಚಗನ್ನಡದ ಎರಡಕ್ಷರದ ಪದಗಳಲ್ಲಿ ನಾಮಪದ, ಕ್ರಿಯಾಪದ ಎರಡೂ ಆಗುವಂಥವು ದಂಡಿಯಾಗಿವೆ. ಕಟ್ಟಲು ಕೂತರೆ ಗುಂಪುಗಳಿಂದ ಶುರು ಮಾಡಬೇಡಿ. ಗಜ, ಕರಿ, ಅರೆಯಂಥ ಎರಡು ಮನೆಯ ಪದಗಳನ್ನು ಮೊದಲು ಸರಪಳಿಯಾಗಿ ಜೋಡಿಸಿ, ಆಮೇಲೆ ಗುಂಪು ತುಂಬಿಸಿ. ಮುಗಿದ ಮೇಲೆ ಏನೂ ಹೇಳದೆ ಮನೆಯವರೊಬ್ಬರ ಕೈಗೆ ಕೊಡಿ, ಅವರು ನಿಮಗೆ ಹೊಳೆಯದ ಐದನೇ ಗುಂಪನ್ನು ಕಂಡುಹಿಡಿದರೆ ವಾದಿಸದೆ ಪದ ಬದಲಿಸಿ.