ರೆಸ್ಯೂಮೆಯಲ್ಲಿ ಕಾಣದೇ ಉಳಿಯುವ ಕೆಲಸ

ಐದಾರು ವರ್ಷ ಸರ್ವೀಸ್ ಕಂಪನಿಯಲ್ಲಿ ದುಡಿದ ಎಂಜಿನಿಯರ್‌ಗಳ ರೆಸ್ಯೂಮೆಗಳನ್ನು ಪಕ್ಕಪಕ್ಕ ಇಟ್ಟರೆ, ಹೆಸರೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಒಂದೇ ಥರ ಕಾಣುತ್ತದೆ. ಕ್ಲೈಂಟ್ ಬ್ಯಾಂಕೋ ವಿಮಾ ಕಂಪನಿಯೋ, ತಂಡದಲ್ಲಿ ಎಷ್ಟು ಜನ, ಜಾವಾ, ಒರಾಕಲ್, ಅಷ್ಟೇ. ಇದಕ್ಕೆ ಕಾರಣವಿದೆ. ಅಲ್ಲಿ ಅನೇಕ ಪ್ರಾಜೆಕ್ಟ್‌ಗಳಲ್ಲಿ ಇಷ್ಟು ಜನ, ಇಷ್ಟು ತಿಂಗಳು ಎಂದು ಕ್ಲೈಂಟ್‌ಗೆ ಬಿಲ್ ಹೋಗುತ್ತದೆ. ಪ್ರೊಫೈಲ್‌ನಲ್ಲಿ ತಂತ್ರಜ್ಞಾನ ಮತ್ತು ಅನುಭವದ ವರ್ಷಗಳಿದ್ದರೆ ಸಾಕು. ಫ್ಲಿಪ್‌ಕಾರ್ಟ್, ರೇಜರ್‌ಪೇಯಂಥ ಬೆಂಗಳೂರಿನ ಪ್ರಾಡಕ್ಟ್ ಕಂಪನಿಗಳು ಬದುಕುವುದು ತಮ್ಮದೇ ಆ್ಯಪ್ ಅಥವಾ ಸೇವೆಯನ್ನು ಜನ ಬಳಸುವುದರಿಂದ. ಅಲ್ಲಿ ರೆಸ್ಯೂಮೆ ಓದುವವರು ಹುಡುಕುವುದೇ ಬೇರೆ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ‘ಬ್ಯಾಂಕಿಂಗ್ ಕ್ಲೈಂಟ್‌ಗಾಗಿ ಜಾವಾದಲ್ಲಿ ಬ್ಯಾಚ್ ಜಾಬ್‌ಗಳ ಅಭಿವೃದ್ಧಿ ಮತ್ತು ನಿರ್ವಹಣೆ’ ಎಂದು ಒಬ್ಬಾಕೆ ಬರೆದಿದ್ದಾಳೆ. ಏನಾಗಿತ್ತು ಎಂದು ಕೇಳುತ್ತಾ ಹೋದರೆ ಕಥೆ ಹೊರಬೀಳುತ್ತದೆ. ರಾತ್ರಿ ಓಡುವ ಸ್ಟೇಟ್‌ಮೆಂಟ್ ಜಾಬ್ ಆರು ಗಂಟೆ ಹಿಡಿಯುತ್ತಿತ್ತು. ಶಾಖೆ ತೆರೆಯುವ ಹೊತ್ತಿಗೂ ಕೆಲವು ಖಾತೆಗಳ ವಿವರ ಸಿದ್ಧವಾಗುತ್ತಿರಲಿಲ್ಲ. ಬೆಳಿಗ್ಗೆ ಬರುವ ದೂರಿನ ಟಿಕೆಟ್‌ಗಳನ್ನು ಮುಚ್ಚುವುದಷ್ಟೇ ಅವಳಿಗೆ ವಹಿಸಿದ ಕೆಲಸ. ಲಾಗ್ ತೆರೆದು ನೋಡಿದರೆ, ಅಂದು ವ್ಯವಹಾರವೇ ನಡೆಯದ ಖಾತೆಗಳನ್ನೂ ಜಾಬ್ ಮತ್ತೆ ಲೆಕ್ಕ ಹಾಕುತ್ತಿತ್ತು. ಅವುಗಳನ್ನು ಬಿಟ್ಟುಬಿಡೋಣ ಎಂದು ಅವಳೇ ಸೂಚಿಸಿ, ಕ್ಲೈಂಟ್‌ನ ಒಪ್ಪಿಗೆ ಪಡೆದು, ಬದಲಾವಣೆ ಮಾಡಿದಳು. ಜಾಬ್ ಎರಡು ಗಂಟೆಗಿಳಿಯಿತು, ಬೆಳಗಿನ ದೂರುಗಳು ಹೆಚ್ಚುಕಡಿಮೆ ನಿಂತವು.

ಹೊಸ ರೆಸ್ಯೂಮೆಯಲ್ಲಿ ಬರಬೇಕಾದದ್ದು ಇದು: ‘ಶಾಖೆ ತೆರೆಯುವ ಮೊದಲೇ ಸ್ಟೇಟ್‌ಮೆಂಟ್ ಸಿಗುವಂತೆ, ವ್ಯವಹಾರವಿಲ್ಲದ ಖಾತೆಗಳನ್ನು ಬಿಡುವ ಪ್ರಸ್ತಾವ ಮುಂದಿಟ್ಟು ಜಾರಿಗೆ ತಂದೆ, ರಾತ್ರಿ ಜಾಬ್ ಆರು ಗಂಟೆಯಿಂದ ಎರಡಕ್ಕೆ ಇಳಿಯಿತು.’ ಸಮಸ್ಯೆ ಯಾರದು, ತೀರ್ಮಾನ ಯಾರದು, ಏನು ಬದಲಾಯಿತು, ಮೂರೂ ಇದರಲ್ಲಿವೆ. ಜಾವಾ ಕೊನೆಯಲ್ಲಿ ಬಂದರೆ ಸಾಕು.

ಸಂದರ್ಶನದಲ್ಲಿ ಈ ಸಾಲನ್ನೇ ಕೆದಕುತ್ತಾರೆ. ಜಾಬ್‌ಗೆ ದೊಡ್ಡ ಸರ್ವರ್ ಏಕೆ ಕೊಡಲಿಲ್ಲ? ಹಿಂದಿನ ದಿನಾಂಕ ಹಾಕಿ ಮಾಡಿದ ತಿದ್ದುಪಡಿ ಬಂದರೆ ಆ ಖಾತೆ ತಪ್ಪಿಹೋಗುವುದಿಲ್ಲವೇ? ಕೆಲಸ ನಿಜವಾಗಿ ಮಾಡಿದವರು ಇಲ್ಲಿ ಹುರುಪಿನಿಂದ ಮಾತಾಡುತ್ತಾರೆ. ತಂಡದ ಬೇರೊಬ್ಬರ ಕೆಲಸವನ್ನು ತನ್ನದೆಂದು ಬರೆದುಕೊಂಡವರು ‘ನಾವು ಮಾಡಿದೆವು’ ಎಂಬಲ್ಲಿಗೆ ಜಾರುತ್ತಾರೆ. ತೀರ್ಮಾನ ಆರ್ಕಿಟೆಕ್ಟ್‌ನದಾಗಿದ್ದರೆ ಹಾಗೆಂದೇ ಹೇಳಿ, ತನ್ನ ಪಾಲು ಯಾವುದೆಂದು ತೋರಿಸುವುದು ಎಷ್ಟೋ ಮೇಲು. ರೆಸ್ಯೂಮೆ ತಿದ್ದಿದ ಮಾತ್ರಕ್ಕೆ ಕೋಡಿಂಗ್ ಸುತ್ತು ತಪ್ಪುವುದೂ ಇಲ್ಲ.

ಇನ್ನೊಂದು ಎಚ್ಚರ ಗೋಪ್ಯತೆಯದು. ಒಪ್ಪಂದದಲ್ಲಿ ಗೋಪ್ಯತೆಯ ಷರತ್ತಿದ್ದರೆ ಕ್ಲೈಂಟ್ ಹೆಸರಿನ ಬದಲು ‘ಯುರೋಪಿನ ಒಂದು ಬ್ಯಾಂಕ್’ ಎನ್ನಬೇಕು. ಒಳಗಿನ ಅಂಕಿಗಳೂ ಅದರಡಿ ಬಂದರೆ ‘ಮೂರನೇ ಒಂದು ಭಾಗಕ್ಕೆ ಇಳಿಯಿತು’ ಎಂಬಷ್ಟಕ್ಕೆ ನಿಲ್ಲಿಸಬೇಕು. ಜಾಬ್ ಎಷ್ಟು ಹೊತ್ತು ಓಡುತ್ತಿತ್ತು, ವಾರಕ್ಕೆ ಎಷ್ಟು ದೂರು ಬರುತ್ತಿದ್ದವು ಎಂಬುದನ್ನು ಪ್ರಾಜೆಕ್ಟ್‌ನಲ್ಲಿರುವಾಗಲೇ ಗಮನಿಸಿರಬೇಕು. ಪ್ರಾಜೆಕ್ಟ್ ಬಿಟ್ಟ ಮೇಲೆ ಕ್ಲೈಂಟ್‌ನ ಸಿಸ್ಟಮ್‌ಗೆ ಲಾಗಿನ್ ಇರುವುದಿಲ್ಲ.