ಫೋಟೋದಲ್ಲಿರುವ ರಿಗ್ರೆಷನ್ ಕೋಷ್ಟಕವನ್ನು ಓದುವ ಬಗೆ

ಒಂದು ಸಂಗತಿಯ ಏರಿಳಿತಕ್ಕೂ ಬೇರೆ ಸಂಗತಿಗಳಿಗೂ ಎಷ್ಟು ನಂಟಿದೆ ಎಂದು ಅಳೆಯುವ ಲೆಕ್ಕವೇ ರಿಗ್ರೆಷನ್. 1974ರಲ್ಲಿ ಅಮೆರಿಕದ ‘ಮೋಟಾರ್ ಟ್ರೆಂಡ್’ ಪತ್ರಿಕೆಯಲ್ಲಿ ಬಂದ 32 ಕಾರುಗಳ ವಿವರ ಇದಕ್ಕೆ ಪ್ರಸಿದ್ಧ ಉದಾಹರಣೆ. ಕಾರಿನ ತೂಕ (`wt`) ಮತ್ತು ಅಶ್ವಶಕ್ತಿಯಿಂದ (`hp`) ಮೈಲೇಜನ್ನು ಅಂದಾಜು ಮಾಡಿದಾಗ ಬರುವ ಕೋಷ್ಟಕ ಹೀಗಿರುತ್ತದೆ:

```
            Estimate Std. Error t value Pr(>|t|)
(Intercept) 37.22727    1.59879  23.285  < 2e-16
wt          -3.87783    0.63273  -6.129 1.12e-06
hp          -0.03177    0.00903  -3.519  0.00145
```

ವರದಿಯ ಪುಟವನ್ನು ಫೋಟೋ ತೆಗೆದಾಗ ಋಣ ಚಿಹ್ನೆ ಮಸುಕಾಗಬಹುದು, ದಶಾಂಶ ಬಿಂದು ಮಾಯವಾಗಬಹುದು. ಇದನ್ನು ಪತ್ತೆಹಚ್ಚುವ ದಾರಿ ಕೋಷ್ಟಕದಲ್ಲೇ ಇದೆ. ಮೊದಲ ಅಂಕಣವನ್ನು ಎರಡನೆಯದರಿಂದ ಭಾಗಿಸಿದರೆ ಮೂರನೆಯದು ಬರಬೇಕು. 3.87783 ಅನ್ನು 0.63273ರಿಂದ ಭಾಗಿಸಿದರೆ 6.129 ಬರುತ್ತದೆ, ಮೊದಲ ಮತ್ತು ಮೂರನೆಯ ಅಂಕಣದ ಚಿಹ್ನೆಗಳೂ ಒಂದೇ ಇರಬೇಕು. ಪುಟದ ಅಂಚು ಕತ್ತರಿಸಿ `e-06` ಹೋಗಿದ್ದರೆ ಕೊನೆಯ ಅಂಕಣದಲ್ಲಿ 1.12 ಮಾತ್ರ ಕಾಣುತ್ತದೆ. ಅದು ಸಂಭವನೀಯತೆಯಾದ್ದರಿಂದ 1ನ್ನು ಮೀರುವಂತಿಲ್ಲ; ಹಾಗಾಗಿ ತಪ್ಪು ತಾನಾಗಿಯೇ ತಿಳಿಯುತ್ತದೆ.

ಕೊನೆಯ ಅಂಕಣ ಪಿ ಮೌಲ್ಯ. ತೂಕಕ್ಕೂ ಮೈಲೇಜಿಗೂ ನಿಜಕ್ಕೂ ನಂಟಿಲ್ಲದಿದ್ದರೆ, ಇಷ್ಟು ಪ್ರಬಲ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆ ಹತ್ತು ಲಕ್ಷದಲ್ಲಿ ಸುಮಾರು ಒಂದು. ಅಶ್ವಶಕ್ತಿಗೆ ಅದು ಸಾವಿರದಲ್ಲಿ ಸುಮಾರು ಒಂದೂವರೆ. ರೂಢಿಯ ಮಿತಿ ನೂರಕ್ಕೆ ಐದು. ಎರಡೂ ಅದಕ್ಕಿಂತ ಬಹಳ ಕಡಿಮೆಯಾದ್ದರಿಂದ ಎರಡೂ ಗಣನೀಯ.

ಪರಿಣಾಮ ಎಷ್ಟು ದೊಡ್ಡದು ಎಂಬುದನ್ನು ಪಿ ಮೌಲ್ಯ ಹೇಳುವುದಿಲ್ಲ. ಅದಕ್ಕೆ ಮೊದಲ ಅಂಕಣವನ್ನು ಅಳತೆಯ ಮಾನದೊಂದಿಗೆ ಓದಬೇಕು. 3.88 ಮತ್ತು 0.03 ಎಂಬ ಅಂಕಿಗಳನ್ನು ಹಾಗೇ ಹೋಲಿಸಿದರೆ ಅಶ್ವಶಕ್ತಿ ನಗಣ್ಯ ಎನಿಸುತ್ತದೆ. ಆದರೆ ಇಲ್ಲಿ ತೂಕದ ಮಾನ ಸಾವಿರ ಪೌಂಡ್, ಅಂದರೆ ಸುಮಾರು 454 ಕಿಲೋ. ಅಶ್ವಶಕ್ತಿಯದು ಬರೀ ಒಂದು. 100 ಅಶ್ವಶಕ್ತಿ ಹೆಚ್ಚಾದರೆ ಮೈಲೇಜು ಗ್ಯಾಲನ್ನಿಗೆ 3.2 ಮೈಲಿ ಇಳಿಯುತ್ತದೆ. ಈ ಕಾರುಗಳ ಸರಾಸರಿ ಸುಮಾರು 20 ಮೈಲಿ ಎಂಬುದನ್ನು ನೆನೆದರೆ ಇದು ಸಣ್ಣ ಇಳಿಕೆಯಲ್ಲ. ಮೊದಲ ಸಾಲಿನ 37.2 ತೂಕವೂ ಶಕ್ತಿಯೂ ಸೊನ್ನೆಯಾದ ಕಾರಿನ ಅಂಕಿ. ಅಂಥ ಕಾರು ಇಲ್ಲದ ಕಾರಣ ಸಾರಾಂಶದಲ್ಲಿ ಅದು ಬೇಕಿಲ್ಲ.

ಕೋಷ್ಟಕದ ಕೆಳಗೆ ಆರ್-ವರ್ಗ 0.8268 ಎಂದಿರುತ್ತದೆ. ಕಾರುಗಳ ಮೈಲೇಜಿನಲ್ಲಿರುವ ವ್ಯತ್ಯಾಸದ ಸುಮಾರು 83 ಪಾಲನ್ನು ನೂರರಲ್ಲಿ ಈ ಎರಡು ಅಂಶಗಳೇ ವಿವರಿಸುತ್ತವೆ ಎಂದು ಅದರ ಅರ್ಥ.

ಸರಳ ಸಾರಾಂಶ ಹೀಗಾಗುತ್ತದೆ: ಅಶ್ವಶಕ್ತಿ ಒಂದೇ ಇರುವ ಕಾರುಗಳಲ್ಲಿ ಸಾವಿರ ಪೌಂಡ್ ಹೆಚ್ಚು ಭಾರವಿದ್ದದ್ದು ಗ್ಯಾಲನ್ನಿಗೆ ಸರಾಸರಿ 3.9 ಮೈಲಿ ಕಡಿಮೆ ಓಡುತ್ತದೆ. ನಿಜವಾದ ಅಂಕಿ 2.6ರಿಂದ 5.2ರ ನಡುವೆ ಇರುವ ಸಂಭವವಿದೆ. ತೂಕ ಒಂದೇ ಇದ್ದಾಗ 100 ಅಶ್ವಶಕ್ತಿ ಹೆಚ್ಚಿದ್ದದ್ದು 3.2 ಮೈಲಿ ಕಡಿಮೆ ಓಡುತ್ತದೆ. ಎರಡೂ ಗಣನೀಯ. ಇದು ಆ ಕಾಲದ 32 ಕಾರುಗಳಲ್ಲಿ ಕಂಡ ನಂಟು. ಕಾರಣವೇ ಇದು ಎಂದು ಕೋಷ್ಟಕವೊಂದರಿಂದಲೇ ಹೇಳಲಾಗದು.