ಮೂರು ಮಹಡಿ, ಅರ್ಧ ನಿಮಿಷ

ಅಜ್ಜಂಪುರ ತಾಲ್ಲೂಕಿನ ಬುಕ್ಕಾಂಬುಧಿಯಂಥ ಊರಿನಲ್ಲಿ ಹೊಲ, ತೋಟ ಎಂದು ಓಡಾಡುವವರಿಗೆ ವ್ಯಾಯಾಮ ಎಂಬ ಮಾತು ಬೇರೆಯಾಗಿ ಬೇಕಾಗುವುದಿಲ್ಲ. ಅದೇ ಮನೆಯ ಮಗ ಓದಿ ಬೆಂಗಳೂರಿಗೆ ಹೋಗಿ ಕಚೇರಿಯ ಕುರ್ಚಿಯಲ್ಲಿ ಕುಳಿತನೆಂದಿಟ್ಟುಕೊಳ್ಳಿ. ಬೆಳಗ್ಗೆ ಬಸ್ಸು, ಹಗಲೆಲ್ಲ ಕಂಪ್ಯೂಟರು, ರಾತ್ರಿ ಮತ್ತೆ ಬಸ್ಸು. ಹಬ್ಬಕ್ಕೆ ಊರಿಗೆ ಬಂದಾಗ ಅಪ್ಪನ ಜೊತೆ ತೋಟದ ಏರಿ ಹತ್ತಲು ಅವನಿಗೇ ಏದುಸಿರು! "ವ್ಯಾಯಾಮಕ್ಕೆ ಹೊತ್ತೆಲ್ಲಿದೆ?" ಎನ್ನುವುದು ಅವನ ಉತ್ತರ. ಆ ಹೊತ್ತು ಅವನ ಕಚೇರಿಯ ಮೆಟ್ಟಿಲುಗಳಲ್ಲೇ ಇದೆ. ಎಷ್ಟು ಇದೆ ಎಂಬುದನ್ನು ಹೈಸ್ಕೂಲಿನ ಭೌತಶಾಸ್ತ್ರದಿಂದಲೇ ಲೆಕ್ಕ ಹಾಕಬಹುದು.

ಒಂದು ಮೆಟ್ಟಿಲಿನ ಎತ್ತರವನ್ನು ಅಳತೆಪಟ್ಟಿಯಿಂದ ಅಳೆಯಿರಿ. 16 ಸೆಂಟಿಮೀಟರ್ ಇದೆ ಎನ್ನೋಣ. ಮಹಡಿಗೆ 20ರಂತೆ ಮೂರು ಮಹಡಿಗೆ 60 ಮೆಟ್ಟಿಲು. ಒಟ್ಟು ಎತ್ತರ 9.6 ಮೀಟರ್. ಹತ್ತುವವನ ತೂಕ 60 ಕಿಲೋ. ಕೆಲಸವೆಂದರೆ ದ್ರವ್ಯರಾಶಿ, ಗುರುತ್ವ ಮತ್ತು ಎತ್ತರಗಳ ಗುಣಲಬ್ಧ: 60 × 9.8 × 9.6, ಅಂದರೆ ಸುಮಾರು 5,645 ಜೌಲ್. ನಿಧಾನವಾಗಿ ಹತ್ತಿದರೂ ಓಡಿ ಹತ್ತಿದರೂ ಈ ಕೆಲಸ ಬದಲಾಗದು. ಬದಲಾಗುವುದು ಸಾಮರ್ಥ್ಯ. 50 ಸೆಕೆಂಡಿನಲ್ಲಿ ಹತ್ತಿದರೆ ಅದು 113 ವ್ಯಾಟ್. 30 ಸೆಕೆಂಡಿನಲ್ಲಿ ಹತ್ತಿದರೆ 188 ವ್ಯಾಟ್, ಅಂದರೆ ಕಾಲು ಅಶ್ವಶಕ್ತಿ! ಸಮತಟ್ಟು ರಸ್ತೆಯ ನಡಿಗೆಯಲ್ಲಿ ದೇಹವನ್ನು ಹೀಗೆ ಮೇಲೆತ್ತುವ ಕೆಲಸ ಇರುವುದಿಲ್ಲ. ಆದ್ದರಿಂದಲೇ ಅರ್ಧ ಗಂಟೆ ನಡೆದರೂ ಬಾರದ ಏದುಸಿರು ಮೆಟ್ಟಿಲಿನಲ್ಲಿ ಅರ್ಧ ನಿಮಿಷಕ್ಕೆ ಬರುತ್ತದೆ. ತೊಡೆ, ಪೃಷ್ಠಗಳ ದೊಡ್ಡ ಸ್ನಾಯುಗಳು ಒಮ್ಮೆಲೇ ಆಮ್ಲಜನಕ ಕೇಳುತ್ತವೆ. ಅದನ್ನು ಪೂರೈಸಲು ಹೃದಯ ಬೇಗಬೇಗ ಬಡಿಯಬೇಕಾಗುತ್ತದೆ. ವ್ಯಾಯಾಮ ಆಗುವುದು ಹೃದಯಕ್ಕೆ.

ಈ ವಿಷಯದಲ್ಲಿ ಹಳೆಯ ಪಾಠವೊಂದು ಲಂಡನ್ನಿನ ಬಸ್ಸುಗಳಿಂದ ಬಂತು. ಜೆರ್ರಿ ಮಾರಿಸ್ ಎಂಬ ವೈದ್ಯ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಅಲ್ಲಿನ ಎರಡಂತಸ್ತಿನ ಬಸ್ಸಿನಲ್ಲಿ ಚಾಲಕ ದಿನವಿಡೀ ಕುಳಿತಿರುತ್ತಿದ್ದ. ನಿರ್ವಾಹಕ ಟಿಕೆಟ್ಟಿಗಾಗಿ ನೂರಾರು ಮೆಟ್ಟಿಲು ಹತ್ತಿಳಿಯುತ್ತಿದ್ದ. ಹೃದಯಾಘಾತ ನಿರ್ವಾಹಕರಲ್ಲಿ ಕಡಿಮೆ ಕಂಡುಬಂತು. ಆದರೆ ಮಾರಿಸ್ ಅಲ್ಲಿಗೇ ನಿಲ್ಲಲಿಲ್ಲ. ಸಮವಸ್ತ್ರ ಹೊಲಿಸಲು ಕೊಟ್ಟ ಅಳತೆಗಳನ್ನು ತೆಗೆಸಿ ನೋಡಿದರು. ಚಾಲಕರ ಸೊಂಟದ ಸುತ್ತಳತೆ ಕೆಲಸಕ್ಕೆ ಸೇರುವಾಗಲೇ ಹೆಚ್ಚಿತ್ತು. ಅಂದಮೇಲೆ ಎಲ್ಲ ಕೀರ್ತಿಯನ್ನೂ ಮೆಟ್ಟಿಲಿಗೇ ಕೊಡುವಂತಿಲ್ಲ. ಹೋಲಿಕೆಯಿಂದ ಕಾರಣವನ್ನು ಊಹಿಸುವ ಮೊದಲು ಎರಡು ಗುಂಪುಗಳೂ ಮೊದಲಿನಿಂದ ಒಂದೇ ತೆರನಾಗಿದ್ದವೇ ಎಂದು ಕೇಳಬೇಕು. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ನೆನಪಿಡುವುದು ಒಳ್ಳೆಯದು.

ಆ ಅನುಮಾನವನ್ನು ಕಳೆಯಲು ಪ್ರಯೋಗ ಬೇಕಿತ್ತು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮಾರ್ಟಿನ್ ಗಿಬಾಲಾ ಅವರ ತಂಡ 2019ರಲ್ಲಿ ಅಂಥದೊಂದನ್ನು ಪ್ರಕಟಿಸಿತು. ವ್ಯಾಯಾಮದ ಅಭ್ಯಾಸವಿಲ್ಲದ 24 ಯುವಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ 60 ಮೆಟ್ಟಿಲನ್ನು ಜೋರಾಗಿ ಹತ್ತಲು ಹೇಳಿದರು. ದಿನಕ್ಕೆ ಮೂರು ಬಾರಿ, ನಡುವೆ ಒಂದರಿಂದ ನಾಲ್ಕು ಗಂಟೆ ಬಿಡುವು, ವಾರಕ್ಕೆ ಮೂರು ದಿನ, ಆರು ವಾರ. ದೇಹ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬ ಅಳತೆಯಲ್ಲಿ ಹತ್ತಿದವರು ಹತ್ತದವರಿಗಿಂತ ಸುಮಾರು ಶೇಕಡಾ 5ರಷ್ಟು ಮುಂದಾದರು. ಲಾಭ ಸಣ್ಣದೇ. ಆದರೆ ಅದಕ್ಕೆ ತೆತ್ತದ್ದು ದಿನಕ್ಕೆ ಒಂದೆರಡು ನಿಮಿಷ ಮಾತ್ರ.

ನಮ್ಮ ಕಚೇರಿಯವನು ಇದನ್ನು ಹೇಗೆ ಮಾಡಬೇಕು? ಬೆಳಗ್ಗೆ ಕೆಲಸಕ್ಕೆ ಬಂದಾಗ ಒಂದು, ಊಟಕ್ಕೆ ಮುಂಚೆ ಒಂದು, ಸಂಜೆ ಕಾಫಿಗೆ ಮುಂಚೆ ಒಂದು. ಹೊಟ್ಟೆ ತುಂಬ ಉಂಡ ಕೂಡಲೇ ಬೇಡ. ಹತ್ತುವ ಮುನ್ನ ಕುರ್ಚಿಯಿಂದ ಹತ್ತು ಬಾರಿ ಎದ್ದು ಕುಳಿತು, ನಿಂತಲ್ಲೇ ಒಂದು ನಿಮಿಷ ಹೆಜ್ಜೆ ಹಾಕಿ ಮೈ ಬೆಚ್ಚಗಾಗಿಸಿಕೊಳ್ಳಬೇಕು. ಮೊದಲ ವಾರ ಎಂದಿನ ನಡಿಗೆಯಲ್ಲೇ ಹತ್ತಿ, 60 ಮೆಟ್ಟಿಲಿಗೆ ಎಷ್ಟು ಸೆಕೆಂಡು ಎಂದು ಬರೆದಿಡಲಿ. 50 ಎನ್ನಿ. ಎರಡು ಮೂರು ವಾರಗಳಲ್ಲಿ ಅದನ್ನು 40ಕ್ಕೆ, ಆರನೆಯ ವಾರದ ಹೊತ್ತಿಗೆ ಮೈ ಒಪ್ಪಿದರೆ 30ಕ್ಕೆ ತರಲಿ. ಮೆಟ್ಟಿಲು ತಪ್ಪಿಸಿ ಎರಡೆರಡು ಹಾರುವ ಅಗತ್ಯವಿಲ್ಲ. ಕಂಬಿಯನ್ನು ಹಿಡಿದು ದೇಹವನ್ನು ಮೇಲೆಳೆದುಕೊಂಡರೆ ಕಾಲಿನ ಕೆಲಸ ಕೈಗೆ ಹೋಗುತ್ತದೆ. ಕೈ ಕಂಬಿಯ ಹತ್ತಿರ ಇರಲಿ, ಆಯ ತಪ್ಪಿದರೆ ಹಿಡಿಯುವುದಕ್ಕೆ ಮಾತ್ರ. ಉಸಿರು ಕಟ್ಟಬಾರದು.

ವೇಗ ಸರಿಯಾಗಿದೆಯೇ ಎಂದು ತಿಳಿಯಲು ಯಂತ್ರ ಬೇಡ. ಮೇಲೆ ತಲುಪಿದಾಗ ಎರಡು ಮೂರು ಪದ ಆಡಬಹುದು, ಉದ್ದನೆಯ ವಾಕ್ಯ ಆಡಲಾಗದು ಎಂದಿದ್ದರೆ ಸರಿ. ಆರಾಮವಾಗಿ ಹರಟೆ ಹೊಡೆಯುವಂತಿದ್ದರೆ ನಿಧಾನವಾಯಿತು. ಮಾತೇ ಹೊರಡದಿದ್ದರೆ ಅತಿಯಾಯಿತು. ನಿಂತ ಕೂಡಲೇ ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಬಡಿತ ಸಿಗುತ್ತದೆ. ಆರು ವಾರ ಕಳೆದ ಮೇಲೆ ಒಮ್ಮೆ ಹಳೆಯ 50 ಸೆಕೆಂಡಿನ ವೇಗದಲ್ಲೇ ಹತ್ತಿ ಎಣಿಸಲಿ. ಅದೇ ಕೆಲಸಕ್ಕೆ ಬಡಿತ ಕಡಿಮೆಯಾಗಿದ್ದರೆ ಹೃದಯ ಪಳಗಿದೆ ಎಂದರ್ಥ.

ಇಳಿಯುವ ಸಂಗತಿ ಬೇರೆ. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ದೇಹದ ಭಾರವನ್ನು ತಡೆದು ಹಿಡಿಯಬೇಕು. ಅಭ್ಯಾಸವಿಲ್ಲದವರಿಗೆ ಮರುದಿನ ತೊಡೆ ಹಿಡಿದುಕೊಳ್ಳುವುದು ಇದರಿಂದಲೇ. ಮಂಡಿಚಿಪ್ಪಿನ ಮೇಲೂ ಒತ್ತಡ ಹೆಚ್ಚು. ಜಾರಿ ಬೀಳುವ ಅಪಾಯವೂ ಇಳಿಯುವಾಗಲೇ ಅಧಿಕ. ಆದ್ದರಿಂದ ಕಂಬಿ ಹಿಡಿದು ನಿಧಾನವಾಗಿ ಇಳಿಯಬೇಕು. ಮಂಡಿ ನೋವಿರುವವರು ಇಳಿಯಲು ಲಿಫ್ಟ್ ಬಳಸಿದರೆ ಅದರಲ್ಲಿ ನಾಚಿಕೆಯೇನಿಲ್ಲ. ಹವಾಯಿ ಚಪ್ಪಲಿ, ಒರೆಸಿದ ಒದ್ದೆ ಮೆಟ್ಟಿಲು, ಕೈಯಲ್ಲಿ ಮೊಬೈಲು ಇವು ಮೂರೂ ಬೇಡ. ತೊಡೆಯ ನೋವು ಎರಡು ಮೂರು ದಿನಕ್ಕೆ ಹೋಗುತ್ತದೆ. ಮಂಡಿಯ ಮುಂಭಾಗದ ನೋವು ಪ್ರತಿ ಬಾರಿಯೂ ಮರುಕಳಿಸಿದರೆ ಅದು ಬೇರೆ, ನಿಲ್ಲಿಸಬೇಕು.

ಎದೆ ಹಿಡಿದಂತಾದರೆ, ನೋವು ಎಡಗೈಗೋ ದವಡೆಗೋ ಹರಿದರೆ, ತಲೆ ತಿರುಗಿದರೆ ಆ ಕ್ಷಣವೇ ಕುಳಿತು ನೆರವಿಗೆ ಕೂಗಬೇಕು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಹೃದ್ರೋಗ ಇರುವವರು, ವರ್ಷಗಟ್ಟಲೆ ಮೈ ಬಗ್ಗಿಸದ ನಲವತ್ತು ದಾಟಿದವರು ವೈದ್ಯರನ್ನು ಕೇಳಿಯೇ ವೇಗಕ್ಕೆ ಕೈಹಾಕಬೇಕು. ಅಲ್ಲಿಯವರೆಗೆ ಎಂದಿನ ನಡಿಗೆ ಸಾಕು.

ಇನ್ನೊಂದು ಭ್ರಮೆ ಬೇಡ. ಮೆಟ್ಟಿಲು ಹತ್ತಿ ಬೊಜ್ಜು ಕರಗಿಸುತ್ತೇನೆ ಎಂದು ಹೊರಟವರು ಆ 5,645 ಜೌಲ್‌ಗೇ ಮರಳಿ ಬರಬೇಕು. ಸ್ನಾಯುಗಳು ತಿಂದ ಶಕ್ತಿಯಲ್ಲಿ ಕಾಲುಭಾಗವನ್ನಷ್ಟೇ ಕೆಲಸವಾಗಿ ಮಾರ್ಪಡಿಸುತ್ತವೆ. ಉಳಿದದ್ದು ಶಾಖ. ಹಾಗಾಗಿ ಖರ್ಚು ಸುಮಾರು 22,600 ಜೌಲ್, ಅಂದರೆ ಐದೂವರೆ ಕಿಲೋಕ್ಯಾಲರಿಯ ಆಸುಪಾಸು. ಮೂರು ಬಾರಿ ಹತ್ತಿದರೂ ಅರ್ಧ ಇಡ್ಲಿಯ ಸಾಲ ತೀರದು! ಹೊಟ್ಟೆ ಕರಗಬೇಕಾದರೆ ತಟ್ಟೆಯ ಕಡೆಗೇ ನೋಡಬೇಕು. ಮೆಟ್ಟಿಲು ಕೊಡುವುದು ದಮ್ಮನ್ನು.

ಈ ಲೆಕ್ಕವನ್ನು ಮಕ್ಕಳು ಶಾಲೆಯ ಮೆಟ್ಟಿಲಿನಲ್ಲೇ ಮಾಡಿ ನೋಡಬಹುದು. ಒಬ್ಬರು ಹತ್ತಲಿ, ಒಬ್ಬರು ಗಡಿಯಾರ ಹಿಡಿಯಲಿ, ಒಬ್ಬರು ನಾಡಿ ಎಣಿಸಲಿ. ಸ್ಪರ್ಧೆ ಬೇಡ, ಹತ್ತುವಾಗ ಚೀಲ ಕೆಳಗಿರಲಿ. ಆ ಹಾಳೆಯನ್ನು ಮನೆಗೆ ತಂದು ಅಪ್ಪ ಅಮ್ಮನ ಮುಂದಿಟ್ಟು, ಅವರ ಕಚೇರಿಯಲ್ಲಿ ಎಷ್ಟು ಮೆಟ್ಟಿಲಿವೆ ಎಂದು ಕೇಳಲಿ. ಉತ್ತರ ಗೊತ್ತಿಲ್ಲದಿದ್ದರೆ ಅವರು ದಿನವೂ ಲಿಫ್ಟಿನಲ್ಲೇ ಹೋಗುತ್ತಿದ್ದಾರೆ ಎಂದು ತಿಳಿಯಬಹುದು.